ತಿದ್ದುಪಡಿ ಓದಿದವರಿಗೆ ವಿಷ ಹತ್ತು ಪಟ್ಟು ಹೆಚ್ಚಿತೆಂದು ತೋರಿದೆ: ಕಪ್ಪು ಸಟ್ಟುಗದ ಲೇಖನ ಕುರಿತು ಸಂಪಾದಕರಿಗೆ ಬಹಿರಂಗ ಪತ್ರ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು.

2024ರ ನವೆಂಬರಿನಲ್ಲಿ ತಮ್ಮ ಭಾನುವಾರದ ಪುರವಣಿಯ ಮುಖಪುಟದಲ್ಲಿ ಅಡುಗೆಮನೆಯ ಕಪ್ಪು ಪ್ಲಾಸ್ಟಿಕ್ ಸಟ್ಟುಗ, ಸೌಟುಗಳಿಂದ ವಿಷದ ರಾಸಾಯನಿಕವೊಂದು ಆಹಾರಕ್ಕೆ ಇಳಿಯುತ್ತದೆ ಎಂಬ ಲೇಖನವೊಂದು ಬಂದಿತ್ತು. ಕಪ್ಪು ಸಟ್ಟುಗದ ದೊಡ್ಡ ಚಿತ್ರ, ಅದರ ಮೇಲೆ ‘ದಿನವೂ ವಿಷದ ಅಂಚಿನಲ್ಲಿ’ ಎಂಬ ಶೀರ್ಷಿಕೆ, ಕೆಳಗೆ ಬಣ್ಣದ ಬಾಕ್ಸಿನಲ್ಲಿ ಎರಡು ಸಂಖ್ಯೆಗಳು: ‘ದಿನಕ್ಕೆ ದೇಹ ಸೇರುವುದು 34,700 ನ್ಯಾನೊಗ್ರಾಂ, ಸುರಕ್ಷಿತ ಮಿತಿ 42,000 ನ್ಯಾನೊಗ್ರಾಂ’. ಆ ವರ್ಷ ತಮ್ಮ ಪತ್ರಿಕೆಯ ಬೇರಾವ ಬರಹವೂ ನಮ್ಮ ಊರಿನಲ್ಲಿ ಇಷ್ಟು ಕೈ ದಾಟಿದ್ದನ್ನು ನಾನು ಕಂಡಿಲ್ಲ. ಕಾಲೇಜಿನ ಸೂಚನಾ ಫಲಕದಲ್ಲಿ ಅದರ ತುಣುಕು ಇತ್ತು, ಮಹಿಳಾ ಸಂಘದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ಆ ಬಾಕ್ಸಿನ ಫೋಟೊ ಈಗಲೂ ಸುತ್ತುತ್ತಿದೆ.

ಡಿಸೆಂಬರ್ ಕೊನೆಯಲ್ಲಿ ತಮ್ಮ ಒಳಪುಟದ ಕೆಳಮೂಲೆಯಲ್ಲಿ ಒಂದು ತಿದ್ದುಪಡಿ ಬಂತು. ಅದನ್ನು ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ: ‘ಪುರವಣಿಯಲ್ಲಿ ಪ್ರಕಟವಾದ ಕಪ್ಪು ಸಟ್ಟುಗದ ಲೇಖನದಲ್ಲಿ 42,000 ಎಂದು ಮುದ್ರಿತವಾಗಿರುವುದನ್ನು 4,20,000 ಎಂದು ಓದಿಕೊಳ್ಳಬೇಕಾಗಿ ವಿನಂತಿ. ಕಣ್ತಪ್ಪಿಗೆ ವಿಷಾದಿಸುತ್ತೇವೆ. –ಸಂ.’

ಈ ಪತ್ರ ಬರೆಯುತ್ತಿರುವುದು ಲೇಖನದಲ್ಲಿ ತಪ್ಪಾಯಿತೆಂದು ಅಲ್ಲ. ಆ ತಪ್ಪು ತಮ್ಮಲ್ಲಿ ಹುಟ್ಟಿದ್ದೂ ಅಲ್ಲ. ನನ್ನ ದೂರು ಈ ಎರಡೂವರೆ ಸಾಲಿನ ತಿದ್ದುಪಡಿಯ ಮೇಲೆ. ಅದು ತಪ್ಪನ್ನು ಸರಿ ಮಾಡುವ ಬದಲು ಇನ್ನೊಂದು ತಪ್ಪು ತಿಳಿವಳಿಕೆಯನ್ನು ಹುಟ್ಟಿಸಿದೆ. ಇದನ್ನು ತಮ್ಮ ಓದುಗರ ವಿಭಾಗಕ್ಕೆ ಬರೆದು ತಿಳಿಸಿದೆ, ಆಮೇಲೆ ಫೋನ್ ಮಾಡಿಯೂ ಕೇಳಿದೆ. ‘ತಿದ್ದುಪಡಿ ಹಾಕಿ ಆಯ್ತಲ್ಲ ಸರ್, ಇನ್ನೇನು ಮಾಡೋಕಾಗುತ್ತೆ’ ಎಂದರು. ಇನ್ನೇನು ಮಾಡಬಹುದು ಎಂಬುದನ್ನು ಎಲ್ಲರೂ ಓದುವ ಹಾಗೆ ಹೇಳಬೇಕೆನಿಸಿ ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಮೊದಲು ಆ ಎರಡೂವರೆ ಸಾಲು ಓದುಗರಿಗೆ ಏನು ಹೇಳಿತು ಎಂಬುದನ್ನು ನೋಡೋಣ. ತಿದ್ದುಪಡಿ ಬಂದ ದಿನ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಉಪನ್ಯಾಸಕಿಯೊಬ್ಬರು ಪತ್ರಿಕೆ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ‘ನೋಡಿ ಸರ್, ಆವಾಗ ನಲವತ್ತೆರಡು ಸಾವಿರ ಅಂದಿದ್ರು. ಈಗ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಅಂತೆ. ಹತ್ತು ಪಟ್ಟು ವಿಷ! ನಾನು ಸಟ್ಟುಗ ಬಿಸಾಕಿದ್ದೇ ಒಳ್ಳೇದಾಯ್ತು’ ಎಂದರು. ಅವರು ಓದು ಬಲ್ಲವರು, ಗಮನವಿಟ್ಟು ಓದುವವರು. ಅವರು ತಪ್ಪಾಗಿ ಓದಿದರು ಎಂದು ನಾನು ಹೇಳಲಾರೆ. ತಿಂಗಳ ಹಿಂದೆ ಓದಿದ ಲೇಖನದಲ್ಲಿ 42,000 ಎಂಬುದು ಯಾವುದರ ಅಳತೆಯಾಗಿತ್ತು ಎಂದು ಯಾರಿಗೆ ನೆನಪಿರುತ್ತದೆ? ವಿಷದ ಬಗ್ಗೆ ಒಂದು ಸಂಖ್ಯೆ ಇತ್ತು, ಅದಕ್ಕೆ ಒಂದು ಸೊನ್ನೆ ಸೇರಿತು, ಆದ್ದರಿಂದ ವಿಷ ಹೆಚ್ಚಾಯಿತು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ನಿಜವಾಗಿ ಆದದ್ದು ಅದರ ತಿರುಗುಮುರುಗು. ಸೊನ್ನೆ ಸೇರಿದ್ದು ವಿಷಕ್ಕಲ್ಲ, ಸುರಕ್ಷಿತ ಮಿತಿಗೆ. ಮಿತಿ ಹತ್ತು ಪಟ್ಟು ಮೇಲೆ ಹೋದಾಗ ಅಪಾಯದ ಅಂದಾಜು ಹತ್ತು ಪಟ್ಟು ಕೆಳಗೆ ಇಳಿಯುತ್ತದೆ. ತಮ್ಮ ತಿದ್ದುಪಡಿಯಲ್ಲಿ ಇರಬೇಕಾಗಿದ್ದ ಮುಖ್ಯ ಮಾತು ಇದೇ, ಇಲ್ಲದೆ ಹೋದದ್ದೂ ಇದೇ.

ಇದು ಎಲ್ಲಿಂದ ಬಂತು ಎಂಬುದನ್ನು ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಟಿವಿ, ಕಂಪ್ಯೂಟರ್‌ಗಳ ಹೊರಕವಚಕ್ಕೆ ಬೇಗ ಬೆಂಕಿ ಹತ್ತಬಾರದೆಂದು ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಇರುವ ರಾಸಾಯನಿಕಗಳನ್ನು ಬೆರೆಸುವ ಪದ್ಧತಿ ಇತ್ತು. ಅವುಗಳಲ್ಲಿ ಬಹಳ ಬಳಕೆಯಲ್ಲಿದ್ದದ್ದು ಡೆಕಾಬಿಡಿಇ. ವಿಜ್ಞಾನದ ಬರಹಗಳಲ್ಲಿ ಇದನ್ನು ಬಿಡಿಇ-209 ಎಂದೂ ಕರೆಯುತ್ತಾರೆ. ಪರಿಸರದಲ್ಲಿ ಕರಗದೆ ಉಳಿಯುವ ಮಾಲಿನ್ಯಕಾರಕಗಳ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಇದು 2017ರಲ್ಲಿ ಸೇರಿತು. ಆದರೆ ಹಳೆಯ ಟಿವಿಗಳ ಕಪ್ಪು ಪ್ಲಾಸ್ಟಿಕ್ ಮರುಬಳಕೆಗೆ ಹೋಗುತ್ತದೆ. ಬೇರೆ ಬೇರೆ ಮೂಲದ ಚೂರುಗಳು ಬೆರೆತರೂ ಕಪ್ಪಿನಲ್ಲಿ ಗೊತ್ತಾಗುವುದಿಲ್ಲ. ಹೀಗೆ ಟಿವಿಯ ಪ್ಲಾಸ್ಟಿಕ್ ಆಟಿಕೆಗೂ ತಟ್ಟೆಗೂ ಸಟ್ಟುಗಕ್ಕೂ ಬಂದು ಸೇರಬಹುದು.

ಇದು ಎಷ್ಟರ ಮಟ್ಟಿಗೆ ಆಗಿದೆ ಎಂದು ಅಮೆರಿಕದ ಟಾಕ್ಸಿಕ್-ಫ್ರೀ ಫ್ಯೂಚರ್ ಎಂಬ ಸಂಸ್ಥೆಯವರು ಮತ್ತು ಆ್ಯಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಸೇರಿ ಪರೀಕ್ಷೆ ಮಾಡಿದರು. ಅವರ ಪ್ರಬಂಧ 2024ರಲ್ಲಿ ‘ಕೀಮೋಸ್ಫಿಯರ್’ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬಂತು. ಅದೇ ಲೋಕವೆಲ್ಲ ಸುದ್ದಿಯಾಗಿ ತಮ್ಮ ಪುರವಣಿಗೂ ಬಂದದ್ದು. ಕಪ್ಪು ವಸ್ತುಗಳಲ್ಲಿ ಈ ರಾಸಾಯನಿಕ ಇದೆ ಎಂದು ತೋರಿಸಿದ ಮೇಲೆ ಪ್ರಬಂಧದವರು ಒಂದು ಲೆಕ್ಕವನ್ನೂ ಮಾಡಿದರು. ಅಂತಹ ಸಟ್ಟುಗದಿಂದ ದಿನವೂ ಅಡುಗೆ ಮಾಡಿದರೆ ಎಷ್ಟು ಬಿಡಿಇ-209 ಹೊಟ್ಟೆ ಸೇರಬಹುದು ಎಂಬುದು ಆ ಲೆಕ್ಕ. ಅವರು ಯಾರ ಅಡುಗೆಮನೆಗೂ ಹೋಗಿ ಅಳೆಯಲಿಲ್ಲ. ತಾವು ಅಳೆದ ವಸ್ತುಗಳಲ್ಲಿನ ಪ್ರಮಾಣವನ್ನು ತೆಗೆದುಕೊಂಡು, 2018ರಲ್ಲಿ ಬ್ರಿಟನ್ನಿನ ಸಂಶೋಧಕರು ಬಿಸಿ ಎಣ್ಣೆಯಲ್ಲಿ ಅಡುಗೆ ಸಲಕರಣೆಯ ಪ್ಲಾಸ್ಟಿಕ್ ಇಟ್ಟು ಎಷ್ಟು ಇಳಿಯುತ್ತದೆಂದು ನೋಡಿದ್ದ ಫಲಿತಾಂಶವನ್ನು ಅದಕ್ಕೆ ಹಚ್ಚಿದರು. ಬಂದ ಅಂದಾಜು ದಿನಕ್ಕೆ 34,700 ನ್ಯಾನೊಗ್ರಾಂ.

ಈ ಸಂಖ್ಯೆಯನ್ನು ಯಾವುದಾದರೂ ಮಿತಿಯ ಪಕ್ಕದಲ್ಲಿ ಇಟ್ಟು ನೋಡದೆ ಅರ್ಥವಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ಈ ರಾಸಾಯನಿಕಕ್ಕೆ ಒಂದು ದಿನದ ಮಿತಿ ಹೇಳಿತ್ತು: ದೇಹದ ಪ್ರತಿ ಕಿಲೊ ತೂಕಕ್ಕೆ 7,000 ನ್ಯಾನೊಗ್ರಾಂ. ಪ್ರಬಂಧದವರು ವಯಸ್ಕರ ತೂಕ 60 ಕಿಲೊ ಎಂದು ಹಿಡಿದರು. ಇನ್ನು ಉಳಿದದ್ದು ಒಂದೇ ಗುಣಾಕಾರ. 7,000 ಗುಣಿಸು 60. ಉತ್ತರ 4,20,000. ಅವರು ಬರೆದದ್ದು 42,000.

ಇದೇ ಅಳತೆಯನ್ನು ಮೈಕ್ರೊಗ್ರಾಂನಲ್ಲಿ ಬರೆದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲವೇನೋ ಎಂದು ನನಗೆ ಅನ್ನಿಸುತ್ತದೆ. ಸಾವಿರ ನ್ಯಾನೊಗ್ರಾಂ ಎಂದರೆ ಒಂದು ಮೈಕ್ರೊಗ್ರಾಂ. ಆಗ ಕಿಲೊಗೆ 7, ಅರವತ್ತು ಕಿಲೊಗೆ 420, ಸಟ್ಟುಗದಿಂದ ಬರುವುದು 34.7. ಏಳು ಆರಲೆ ನಲವತ್ತೆರಡು ಎಂದ ಕೂಡಲೆ ಪಕ್ಕದ ಸೊನ್ನೆ ಕಣ್ಣಿಗೆ ಬೀಳುತ್ತದೆ. ಸಾಲು ಸಾಲು ಸೊನ್ನೆಗಳ ನಡುವೆ ಅದು ಬೀಳಲಿಲ್ಲ. ಪ್ರಬಂಧ ಬರೆದವರಿಗೂ ಬೀಳಲಿಲ್ಲ, ಅದನ್ನು ಪರಿಶೀಲಿಸಿದ ತಜ್ಞರಿಗೂ ಬೀಳಲಿಲ್ಲ, ಸುದ್ದಿ ಮಾಡಿದ ದೊಡ್ಡ ದೊಡ್ಡ ಪತ್ರಿಕೆಗಳಿಗೂ ಬೀಳಲಿಲ್ಲ. ಹಿಡಿದವರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೋ ಶ್ವಾರ್ಜ್. ರಸಾಯನಶಾಸ್ತ್ರವನ್ನು ಜನರಿಗೆ ತಿಳಿಯುವ ಹಾಗೆ ಹೇಳುವುದೇ ಅವರ ಕೆಲಸ.

34,700ನ್ನು 42,000ದ ಪಕ್ಕ ಇಟ್ಟರೆ ಮಿತಿಯ ಶೇ 80ಕ್ಕೂ ಹೆಚ್ಚು. ಅದನ್ನೇ 4,20,000ದ ಪಕ್ಕ ಇಟ್ಟರೆ ಶೇ 8ರ ಆಸುಪಾಸು. ‘ದಿನವೂ ವಿಷದ ಅಂಚಿನಲ್ಲಿ’ ಎಂಬ ತಮ್ಮ ಶೀರ್ಷಿಕೆ ನಿಂತಿದ್ದದ್ದು ಮೊದಲನೆಯ ಲೆಕ್ಕದ ಮೇಲೆ. ಎರಡನೆಯ ಲೆಕ್ಕ ಬಂದ ಕ್ಷಣಕ್ಕೆ ಆ ಶೀರ್ಷಿಕೆಯ ಬುಡವೇ ಹೋಯಿತು. ಆದರೂ ತಮ್ಮ ಜಾಲತಾಣದಲ್ಲಿ ಶೀರ್ಷಿಕೆ ಹಾಗೆಯೇ ಇದೆ. ಬಾಕ್ಸಿನಲ್ಲಿ ಮಾತ್ರ 42,000 ಇದ್ದ ಜಾಗಕ್ಕೆ 4,20,000 ಬಂದು ಕೂತಿದೆ, ಯಾವಾಗ ಏಕೆ ಬದಲಾಯಿತೆಂಬ ಸೂಚನೆ ಎಲ್ಲೂ ಇಲ್ಲ. ಅದರ ಕೆಳಗಿನ ವಾಕ್ಯ ‘ಅಂದರೆ ಮಿತಿಯ ಶೇ 80ಕ್ಕೂ ಹೆಚ್ಚು’ ಎಂದು ಹಳೆಯ ಲೆಕ್ಕವನ್ನೇ ಹೇಳುತ್ತಿದೆ. ಈಗ ಯಾರಾದರೂ ವಿದ್ಯಾರ್ಥಿ ಆ ಪುಟ ತೆರೆದು ಲೆಕ್ಕ ಹಾಕಿದರೆ 34,700 ಹೇಗೆ 4,20,000ದ ಶೇ 80 ಆಗುತ್ತದೆ ಎಂದು ತಲೆ ಕೆರೆದುಕೊಳ್ಳಬೇಕು. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದು ಇದನ್ನೇ.

‘ಕಣ್ತಪ್ಪಿಗೆ ವಿಷಾದಿಸುತ್ತೇವೆ’ ಎಂಬ ಸಾಲಿನ ಬಗ್ಗೆಯೂ ಹೇಳಬೇಕು. ಹಾಗೆಂದರೆ ಓದುಗರು ಮೊಳೆ ಜೋಡಿಸುವಾಗಲೋ ಕರಡು ತಿದ್ದುವಾಗಲೋ ಒಂದು ಸೊನ್ನೆ ಬಿಟ್ಟುಹೋಯಿತು ಎಂದು ತಿಳಿಯುತ್ತಾರೆ. ಲೇಖನದ ಉಳಿದ ಮಾತೆಲ್ಲ ಸರಿಯಿದೆ ಎಂದೂ ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. ತಮ್ಮ ವರದಿಗಾರರು ಪ್ರಬಂಧದಲ್ಲಿದ್ದ ಸಂಖ್ಯೆಯನ್ನು ಸರಿಯಾಗಿಯೇ ಬರೆದಿದ್ದರು, ಪ್ರಬಂಧವೇ ತಪ್ಪಿತ್ತು. 2024ರ ಡಿಸೆಂಬರಿನಲ್ಲಿ ಕೀಮೋಸ್ಫಿಯರ್ ತಿದ್ದುಪಡಿ ಪ್ರಕಟಿಸಿದ ಮೇಲೆ ತಮ್ಮಲ್ಲೂ ತಿದ್ದುಪಡಿ ಬಂತು. ಇದನ್ನು ಹೇಳಿದ್ದರೆ ತಮ್ಮ ವರದಿಗಾರರ ಮೇಲೆ ಇಲ್ಲದ ಕಣ್ತಪ್ಪು ಬೀಳುತ್ತಿರಲಿಲ್ಲ. ಬೇರೆ ಕಡೆ ಇದೇ ಸುದ್ದಿ ಓದಿದವರಿಗೆ, ಓಹೋ ಅಲ್ಲಿಯೂ ಇದೇ ತಪ್ಪು ಇರಬೇಕು ಎಂದು ತಿಳಿಯುತ್ತಿತ್ತು.

ಇಷ್ಟು ಹೇಳಿದ ಮೇಲೆ ಸಟ್ಟುಗದ ಸುದ್ದಿಯೆಲ್ಲ ಸುಳ್ಳು ಎಂದು ನಾನು ವಾದಿಸುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಅಂಥ ಮಾತೂ ಈಗ ಗುಂಪುಗಳಲ್ಲಿ ಓಡಾಡುತ್ತಿದೆ. ‘ವಿಜ್ಞಾನಿಗಳ ಲೆಕ್ಕವೇ ತಪ್ಪಂತೆ, ಏನೂ ಇಲ್ಲವಂತೆ’ ಎಂಬ ಸಂದೇಶ ನನಗೂ ಬಂದಿದೆ. ಒಂದು ಕಡೆ ವಿಷ ಹತ್ತು ಪಟ್ಟು ಎನ್ನುವವರು, ಇನ್ನೊಂದು ಕಡೆ ವಿಷವೇ ಇಲ್ಲ ಎನ್ನುವವರು. ಎರಡೂ ಗುಂಪಿನವರು ಒಂದೇ ತಿದ್ದುಪಡಿಯನ್ನು ಆಧಾರವಾಗಿ ತೋರಿಸುತ್ತಿದ್ದಾರೆ. ಏನು ಬಿತ್ತು, ಏನು ಉಳಿಯಿತು ಎಂದು ಹೇಳದ ತಿದ್ದುಪಡಿಯಿಂದ ಆಗುವುದು ಹೀಗೆಯೇ.

ಉಳಿದದ್ದು ಏನು? ಟಿವಿಯ ಹೊರಕವಚಕ್ಕೆಂದು ಬೆರೆಸಿದ ರಾಸಾಯನಿಕ ಆಹಾರ ಮುಟ್ಟುವ ವಸ್ತುಗಳಲ್ಲಿ ಸಿಕ್ಕಿದ್ದು ಅಳತೆ ಮಾಡಿ ಕಂಡ ಸಂಗತಿ. ಗುಣಾಕಾರ ತಪ್ಪಿದ್ದರಿಂದ ಆ ಅಳತೆಗೆ ಏನೂ ಆಗಿಲ್ಲ. ಇಂಥವು ಅಡುಗೆ ಸಾಮಾನಿನಲ್ಲಿ ಇರಬಾರದು ಎಂಬುದನ್ನು ತಪ್ಪು ಹಿಡಿದ ಶ್ವಾರ್ಜ್ ಅವರೂ ಒಪ್ಪುತ್ತಾರೆ. ಬಿದ್ದದ್ದು ‘ಮಿತಿಯ ಹತ್ತಿರಕ್ಕೆ ಬಂದಿದೆ’ ಎಂಬ ಮಾತು. ಪ್ರಬಂಧದವರು ತಮ್ಮ ತಿದ್ದುಪಡಿಯಲ್ಲಿ ಈ ತಪ್ಪಿನಿಂದ ಒಟ್ಟು ತೀರ್ಮಾನ ಬದಲಾಗುವುದಿಲ್ಲ ಎಂದು ಬರೆದರು. ಅವರ ಮಟ್ಟಿಗೆ ತೀರ್ಮಾನವೆಂದರೆ ಮರುಬಳಕೆಯ ಮೂಲಕ ವಿಷ ಹರಿದು ಬರುತ್ತಿದೆ ಎಂಬುದು. ಅದು ನಿಜ. ಆದರೆ ತಮ್ಮ ಪುರವಣಿ ಓದಿದವರು ಮನೆಗೆ ತೆಗೆದುಕೊಂಡು ಹೋದ ತೀರ್ಮಾನ ಅದಲ್ಲ. ‘ನಾವು ದಿನವೂ ಅಪಾಯದ ಅಂಚಿನಲ್ಲಿದ್ದೇವೆ’ ಎಂಬುದನ್ನು ಅವರು ತೆಗೆದುಕೊಂಡು ಹೋದರು. ಸಂಶೋಧಕರು ತಮ್ಮ ಓದುಗರಿಗೆ ಹೇಳಿದ ಸಮಾಧಾನ ಪತ್ರಿಕೆಯ ಓದುಗರಿಗೆ ಸಾಲುವುದಿಲ್ಲ.

ಮಿತಿ ಎಂದರೆ ಏನೆಂದು ಕೂಡ ಲೇಖನದಲ್ಲಿ ಇರಲಿಲ್ಲ, ತಿದ್ದುಪಡಿಯಲ್ಲಂತೂ ಇರಲಿಲ್ಲ. ಕಿಲೊಗೆ 7,000 ನ್ಯಾನೊಗ್ರಾಂ ಎಂಬುದು ಅದನ್ನು ದಾಟಿದ ಮರುಗಳಿಗೆ ಕಾಯಿಲೆ ಬರುವ ಗೆರೆಯಲ್ಲ. ಇಲಿಮರಿಗಳ ಮೇಲೆ ಮಾಡಿದ ಪ್ರಯೋಗವೊಂದರಲ್ಲಿ ನಡವಳಿಕೆಯಲ್ಲಿ ತೊಂದರೆ ಕಾಣದೆ ಇದ್ದ ಪ್ರಮಾಣ ಕಿಲೊಗೆ 2.22 ಮಿಲಿಗ್ರಾಂ. ಮನುಷ್ಯರ ದೇಹ ಇಲಿಯದಲ್ಲ, ಮನುಷ್ಯರಲ್ಲೂ ಎಲ್ಲರ ದೇಹ ಒಂದೇ ಅಲ್ಲ, ಪ್ರಯೋಗಕ್ಕೂ ಅದರದೇ ಕೊರತೆಗಳಿವೆ ಎಂದು ಮುನ್ನೆಚ್ಚರಿಕೆಗಾಗಿ ಅದನ್ನು 300ರಿಂದ ಭಾಗಿಸಿದರು. ಬಂದದ್ದು 0.0074 ಮಿಲಿಗ್ರಾಂ. ಅದನ್ನೇ 0.007 ಎಂದು ಇಟ್ಟುಕೊಂಡರು, ಅಂದರೆ 7,000 ನ್ಯಾನೊಗ್ರಾಂ. ಇದನ್ನು ತಿಳಿದವರಿಗೆ ಶೇ 80 ಎಂಬುದೂ ದಿಗಿಲು ಹುಟ್ಟಿಸುವುದಿಲ್ಲ, ಶೇ 8 ಎಂಬುದೂ ಪೂರ್ತಿ ನಿಶ್ಚಿಂತೆ ಕೊಡುವುದಿಲ್ಲ. ಲೆಕ್ಕದಲ್ಲಿರುವುದು 60 ಕಿಲೊ ತೂಕದ ವಯಸ್ಕರು. ಹದಿನೈದು ಕಿಲೊ ತೂಗುವ ಮಗುವಿನ ಮಿತಿ ಅದರ ಕಾಲು ಭಾಗ ಮಾತ್ರ. ಇದನ್ನೆಲ್ಲ ಹೇಳಲು ಪುರವಣಿಯಲ್ಲಿ ಜಾಗ ಇತ್ತು. ಆ ಜಾಗ ಚಿತ್ರಕ್ಕೆ ಹೋಯಿತು.

ತಿದ್ದುಪಡಿಯಲ್ಲಿ ಮುಟ್ಟದೇ ಬಿಟ್ಟ ಇನ್ನೊಂದು ತಪ್ಪು ಇದೆ, ಅದು ತಮ್ಮಲ್ಲೇ ಆದದ್ದು. ‘ಪರೀಕ್ಷಿಸಿದ ಕಪ್ಪು ವಸ್ತುಗಳಲ್ಲಿ ಶೇ 85ರಲ್ಲಿ ವಿಷ’ ಎಂದು ಲೇಖನ ಹೇಳಿತ್ತು. ಪ್ರಬಂಧದವರು ಮೊದಲು 203 ಕಪ್ಪು ವಸ್ತುಗಳನ್ನು ಎಕ್ಸ್-ರೇ ಯಂತ್ರದಿಂದ ನೋಡಿ ಬ್ರೋಮಿನ್ ಇದೆಯೇ ಎಂದು ಹುಡುಕಿದರು. ಹತ್ತು ಲಕ್ಷದಲ್ಲಿ 50 ಭಾಗಕ್ಕಿಂತ ಹೆಚ್ಚು ಬ್ರೋಮಿನ್ ಕಂಡ ವಸ್ತುಗಳ ಪೈಕಿ 20ನ್ನು ಪ್ರಯೋಗಾಲಯದಲ್ಲಿ ವಿವರವಾಗಿ ಪರೀಕ್ಷಿಸಿದರು. ಆ 20ರಲ್ಲಿ 17ರಲ್ಲಿ ಬೆಂಕಿ ತಡೆಯುವ ರಾಸಾಯನಿಕಗಳು ಸಿಕ್ಕವು. ಶೇ 85 ಎಂಬುದು 20ರ ಶೇ 85. ಸಂಶಯವಿದೆ ಎಂದೇ ಆರಿಸಿ ತೆಗೆದವುಗಳಲ್ಲಿ ಸಿಕ್ಕ ಪ್ರಮಾಣವನ್ನು ಅಂಗಡಿಯ ಎಲ್ಲ ಕಪ್ಪು ಸಾಮಾನಿಗೆ ಹಚ್ಚಿದರೆ, ಆಸ್ಪತ್ರೆಯ ಜ್ವರದ ವಾರ್ಡಿನಲ್ಲಿ ಎಣಿಸಿ ಊರಿನ ಶೇ 85 ಮಂದಿಗೆ ಜ್ವರ ಎಂದ ಹಾಗಾಗುತ್ತದೆ. ಪರೀಕ್ಷೆಗೆ ತೆಗೆದುಕೊಂಡದ್ದು ಸಟ್ಟುಗಗಳನ್ನು ಮಾತ್ರವೂ ಅಲ್ಲ. ಆಟಿಕೆ, ಕೂದಲಿನ ಕ್ಲಿಪ್ಪು, ಆಹಾರ ಇಟ್ಟು ಕೊಡುವ ತಟ್ಟೆಗಳೆಲ್ಲ ಇದ್ದವು. ಡೆಕಾಬಿಡಿಇ ಅತಿ ಹೆಚ್ಚು ಕಂಡದ್ದು ಸುಶಿ ಎಂಬ ಜಪಾನಿ ತಿನಿಸು ಇಡುವ ಟ್ರೇಯಲ್ಲಿ. ಎಲ್ಲವೂ ಅಮೆರಿಕದ ಅಂಗಡಿಗಳಲ್ಲಿ ಕೊಂಡವು. ತಮ್ಮ ಲೇಖನದಲ್ಲಿ ಅದೆಲ್ಲ ‘ನಮ್ಮ ನಿಮ್ಮ ಅಡುಗೆಮನೆಯ ಶೇ 85 ಸಟ್ಟುಗ’ ಎಂದಾಯಿತು. ಪ್ರಬಂಧಕ್ಕೆ ತಿದ್ದುಪಡಿ ಬಂದಾಗ ಪ್ರಬಂಧವನ್ನು ಇನ್ನೊಮ್ಮೆ ತೆರೆದು ಓದಿದ್ದರೆ ಇದು ಆಗಲೇ ಸಿಕ್ಕಿಬಿಡುತ್ತಿತ್ತು. ಒಂದು ತಪ್ಪು ಹೊರಗಿನವರು ಹೇಳಿ ಗೊತ್ತಾದಾಗ ಪತ್ರಿಕೆಯ ಡೆಸ್ಕ್ ಮಾಡಬೇಕಾದ ಮೊದಲ ಕೆಲಸ ಇಡೀ ಲೇಖನವನ್ನು ಮೂಲದೊಂದಿಗೆ ಸಾಲು ಸಾಲಾಗಿ ಹೋಲಿಸಿ ನೋಡುವುದು ಎಂದು ನಾನು ನಂಬಿದ್ದೇನೆ. ಹೇಳಿದ ಸಂಖ್ಯೆಯನ್ನಷ್ಟೇ ಬದಲಿಸಿ ಮುಗಿಸಿದರೆ ಉಳಿದ ತಪ್ಪುಗಳು ಈಗ ತಿದ್ದಿದ ಲೇಖನದ ಭಾಗವಾಗಿ ಇನ್ನಷ್ಟು ಗಟ್ಟಿಯಾಗುತ್ತವೆ.

ಇದರಿಂದ ಯಾರಿಗೆ ಏನಾಯಿತು ಎಂದು ತಾವು ಕೇಳಬಹುದು. ಯಾರ ಪ್ರಾಣವೂ ಹೋಗಿಲ್ಲ. ನಮ್ಮ ಪಕ್ಕದ ಮನೆಯ ಅಮ್ಮ ಲೇಖನ ಓದಿದ ದಿನವೇ ಪ್ಲಾಸ್ಟಿಕ್ ಸಟ್ಟುಗ ಕಸಕ್ಕೆ ಹಾಕಿ ಹಳೆಯ ಕಬ್ಬಿಣದ ಸಟ್ಟುಗ ತೆಗೆದರು. ಆದರೆ ದೋಸೆ ಹುಯ್ಯುವುದು ನಾನ್‌ಸ್ಟಿಕ್ ಕಾವಲಿಯ ಮೇಲೆ. ಈಗ ಆ ಕಾವಲಿಯ ತುಂಬ ಗೀರು, ಲೇಪ ಚಕ್ಕೆ ಚಕ್ಕೆಯಾಗಿ ಏಳುತ್ತಿದೆ, ದೋಸೆಯ ತಳದಲ್ಲಿ ಕಪ್ಪು ಚೂರು ಅಂಟಿರುತ್ತದೆ. ಮರದ ಸಟ್ಟುಗ ತೆಗೆದುಕೊಳ್ಳಿ ಅಮ್ಮಾ ಎಂದು ಹೇಳಿದೆ. ‘ಪೇಪರಿನಲ್ಲಿ ಅದನ್ನು ಬರೆದಿರಲಿಲ್ಲವಲ್ಲ’ ಎಂದರು. ಸಂತೆಯಲ್ಲಿ ಪ್ಲಾಸ್ಟಿಕ್ ಸಾಮಾನು ಹರಡಿಕೊಂಡು ಕೂರುವ ಹೆಂಗಸೊಬ್ಬರು ಕಪ್ಪು ಸಾಮಾನೆಲ್ಲ ಹಾಗೇ ಉಳಿದಿದೆ ಎಂದರು. ಅವರ ಸಾಮಾನಿನಲ್ಲಿ ಮರುಬಳಕೆಯ ಕೆಟ್ಟ ಪ್ಲಾಸ್ಟಿಕ್ ಇದೆಯೋ ಇಲ್ಲವೋ ನೋಡಿ ಹೇಳುವ ಯಂತ್ರ ನನ್ನ ಹತ್ತಿರ ಇಲ್ಲ, ಅವರ ಹತ್ತಿರವೂ ಇಲ್ಲ. ಇಂಥ ಪರೀಕ್ಷೆ ನಮ್ಮ ಮಾರುಕಟ್ಟೆಯ ಸಾಮಾನಿಗೂ ಆಗಲಿ ಎಂದು ಸರ್ಕಾರವನ್ನು ಕೇಳುವ ಶಕ್ತಿ ಇರುವುದು ತಮ್ಮಂಥ ಪತ್ರಿಕೆಗೆ. ಆ ಕೇಳಿಕೆಗೆ ತೂಕ ಬರಬೇಕಾದರೆ ಸಂಖ್ಯೆ ಸರಿಯಿರಬೇಕು.

ಭಾರತೀಯ ಪತ್ರಿಕಾ ಮಂಡಳಿಯ ನೀತಿಸೂತ್ರಗಳು ತಮಗೆ ತಿಳಿದಿರುವಂಥವೇ. ತಪ್ಪು ಗೊತ್ತಾದಾಗ ಪತ್ರಿಕೆ ಯಾರೂ ಕೇಳದೆಯೇ, ತಡ ಮಾಡದೆ, ತಕ್ಕ ಪ್ರಾಮುಖ್ಯ ಕೊಟ್ಟು ತಿದ್ದುಪಡಿ ಪ್ರಕಟಿಸಬೇಕು, ಗಂಭೀರ ಲೋಪವಾಗಿದ್ದರೆ ಕ್ಷಮೆ ಕೇಳಬೇಕು ಅಥವಾ ವಿಷಾದ ಹೇಳಬೇಕು ಎಂದು ಅದರಲ್ಲಿದೆ. ತಡ ಮಾಡಿದಿರಿ ಎಂದು ನಾನು ಹೇಳುವುದಿಲ್ಲ. ಪ್ರಾಮುಖ್ಯದ ಬಗ್ಗೆ ಮಾತ್ರ ನನ್ನ ತಕರಾರು. ಪುರವಣಿಯ ಮುಖಪುಟದಲ್ಲಿ ಅರ್ಧ ಪುಟ ಬಂದ ಮಾತಿಗೆ ವಾರದ ನಡುವಿನ ದಿನದ ಪತ್ರಿಕೆಯ ಒಳಪುಟದ ಕೆಳಮೂಲೆ ತಕ್ಕ ಜಾಗವಲ್ಲ. ಭಾನುವಾರ ಮಾತ್ರ ಪತ್ರಿಕೆ ತರಿಸುವ ಮನೆಗಳು ನಮ್ಮ ಬೀದಿಯಲ್ಲೇ ಎಷ್ಟೋ ಇವೆ. ಅವರಿಗೆ ಆ ತಿದ್ದುಪಡಿ ತಲುಪಿಯೇ ಇಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಭಾನುವಾರದ ಪುರವಣಿಯಲ್ಲೇ, ಸಾಧ್ಯವಾದರೆ ಮುಖಪುಟದಲ್ಲೇ, ಹೊಸ ತಿದ್ದುಪಡಿಯೊಂದನ್ನು ಪ್ರಕಟಿಸಿ. ಹಳೆಯ ಲೇಖನ ಓದದವರಿಗೂ ಅದನ್ನು ಮರೆತವರಿಗೂ ಅರ್ಥವಾಗುವಂತಿರಲಿ. ತಮ್ಮ ಕೆಲಸ ಹಗುರಾಗಲಿ ಎಂದು ಅದರ ಒಕ್ಕಣೆಯನ್ನು ನಾನೇ ಬರೆದು ಕಳಿಸುತ್ತಿದ್ದೇನೆ. ತಾವು ಬೇಕಾದಂತೆ ತಿದ್ದಿಕೊಳ್ಳಬಹುದು:

‘ಕಪ್ಪು ಪ್ಲಾಸ್ಟಿಕ್ ಸಟ್ಟುಗ ಬಳಸಿದರೆ ಬಿಡಿಇ-209 ಎಂಬ ರಾಸಾಯನಿಕ ಸುರಕ್ಷಿತ ಮಿತಿಯ ಶೇ 80ಕ್ಕೂ ಹೆಚ್ಚು ದೇಹ ಸೇರಬಹುದು ಎಂದು ನವೆಂಬರಿನಲ್ಲಿ ಪ್ರಕಟಿಸಿದ್ದೆವು. ಇದು ತಪ್ಪು. ನಾವು ಆಧರಿಸಿದ ಸಂಶೋಧನಾ ಪ್ರಬಂಧದಲ್ಲಿ ಮಿತಿಯನ್ನು ಲೆಕ್ಕ ಮಾಡುವಾಗ ಗುಣಾಕಾರ ತಪ್ಪಿ, ಮಿತಿ ಇರುವುದಕ್ಕಿಂತ ಹತ್ತು ಪಟ್ಟು ಕಡಿಮೆ ಎಂದು ಬಂದಿತ್ತು. ಸರಿಯಾದ ಲೆಕ್ಕದಲ್ಲಿ ದೇಹ ಸೇರುವ ಅಂದಾಜು ಪ್ರಮಾಣ ಮಿತಿಯ ಸುಮಾರು ಶೇ 8. ಅಂದರೆ ಅಪಾಯವನ್ನು ನಾವು ಹತ್ತು ಪಟ್ಟು ಹೆಚ್ಚು ಮಾಡಿ ಹೇಳಿದ್ದೆವು. “ವಿಷದ ಅಂಚಿನಲ್ಲಿ” ಎಂಬ ಶೀರ್ಷಿಕೆಗೆ ಆಧಾರವಿಲ್ಲ, ಅದನ್ನು ಹಿಂತೆಗೆದುಕೊಂಡಿದ್ದೇವೆ. ಶೇ 85 ವಸ್ತುಗಳಲ್ಲಿ ರಾಸಾಯನಿಕ ಸಿಕ್ಕಿದೆ ಎಂದದ್ದೂ ತಪ್ಪು. ಅಮೆರಿಕದಲ್ಲಿ ಕೊಂಡ 203 ವಸ್ತುಗಳಲ್ಲಿ ಸಂಶಯದ ಮೇಲೆ ಆರಿಸಿದ 20ರ ಪೈಕಿ 17ರಲ್ಲಿ ಸಿಕ್ಕಿದೆ. ಈ ತಪ್ಪು ನಮ್ಮದು. ಇಂಥ ರಾಸಾಯನಿಕಗಳು ಮರುಬಳಕೆಯ ಪ್ಲಾಸ್ಟಿಕ್ಕಿನ ಮೂಲಕ ಅಡುಗೆ ಸಾಮಾನಿಗೆ ಬರುತ್ತಿವೆ ಎಂಬ ಸಂಗತಿಯಲ್ಲಿ ಬದಲಾವಣೆಯಿಲ್ಲ. ಓದುಗರ ಕ್ಷಮೆ ಕೋರುತ್ತೇವೆ.’

ನೂರು ಪದಗಳಷ್ಟೇ. ಎಲ್ಲಕ್ಕಿಂತ ಮೊದಲು ತಪ್ಪು ಮಾತು ಯಾವುದು ಎಂದು ಹೇಳಿ, ತಪ್ಪು ಯಾವ ದಿಕ್ಕಿಗೆ ಆಗಿತ್ತು ಎಂದೂ ಹೇಳಿದೆ. ಸಂಖ್ಯೆಗಳಿಗಿಂತ ಅದೇ ಮುಖ್ಯ. ಅಪಾಯ ಹೆಚ್ಚು ಹೇಳಿದ್ದೆವೋ ಕಡಿಮೆ ಹೇಳಿದ್ದೆವೋ ಎಂಬುದನ್ನು ಓದುಗರೇ ಲೆಕ್ಕ ಹಾಕಿ ಕಂಡುಕೊಳ್ಳಲಿ ಎಂದು ಬಿಡಬಾರದು.

ಜಾಲತಾಣದಲ್ಲಿ ಲೇಖನವನ್ನು ಅಳಿಸಿಹಾಕಬೇಡಿ. ಅಳಿಸಿದರೆ ಫೋಟೊ ಇಟ್ಟುಕೊಂಡವರ ಹತ್ತಿರ ತಪ್ಪು ಉಳಿಯುತ್ತದೆ, ಅದನ್ನು ಹೋಲಿಸಿ ನೋಡಲು ಸರಿಯಾದದ್ದು ಎಲ್ಲಿಯೂ ಇರುವುದಿಲ್ಲ. ಶೀರ್ಷಿಕೆ ಬದಲಿಸಿ, ತಿದ್ದುಪಡಿಯನ್ನು ದಿನಾಂಕದ ಸಮೇತ ಲೇಖನದ ತಲೆಯ ಮೇಲೆ ಹಾಕಿ, ಶೇ 80 ಮತ್ತು ಶೇ 85 ಇರುವ ವಾಕ್ಯಗಳನ್ನು ಸರಿಪಡಿಸಿ. ಆ ದಿನದ ಇ-ಪೇಪರ್ ಪುಟವನ್ನು ಬದಲಿಸುವುದು ಸರಿಯಲ್ಲ, ಅದು ದಾಖಲೆ. ಅದರ ಜೊತೆಗೆ ತಿದ್ದುಪಡಿಯ ಸೂಚನೆ ಇದ್ದರೆ ಸಾಕು.

ಇನ್ನು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುವ ಬಾಕ್ಸಿನ ಫೋಟೊ. ಅದನ್ನು ಹಿಂದಕ್ಕೆ ಕರೆಯುವ ದಾರಿ ತಮಗೂ ಇಲ್ಲ, ಯಾರಿಗೂ ಇಲ್ಲ. ಆದರೆ ಅದೇ ಅಳತೆಯ, ಅದೇ ಬಣ್ಣದ, ಅದೇ ಸಟ್ಟುಗದ ಚಿತ್ರವಿರುವ ಇನ್ನೊಂದು ಬಾಕ್ಸ್ ಮಾಡಿ ಬಿಡಬಹುದು. ಮೇಲೆ ‘ಮೊದಲು ಹೇಳಿದ್ದು: ಮಿತಿಯ ಶೇ 80. ಸರಿಯಾದದ್ದು: ಶೇ 8’ ಎಂದು ಇದ್ದರೆ ಸಾಕು. ಹಳೆಯ ಫೋಟೊ ಬಂದ ಗುಂಪಿನಲ್ಲೆಲ್ಲ ಯಾರಾದರೂ ಒಬ್ಬರು ಹೊಸದನ್ನು ಅದರ ಕೆಳಗೆ ಹಾಕುತ್ತಾರೆ. ನನ್ನ ವಿದ್ಯಾರ್ಥಿಗಳು ಹಾಕುತ್ತಾರೆ ಎಂದು ನಾನು ಖಾತ್ರಿಯಾಗಿ ಹೇಳಬಲ್ಲೆ. ಈಗ ಅವರ ಕೈಯಲ್ಲಿ ಹಾಕಲು ಏನೂ ಇಲ್ಲ, ತಮ್ಮ ಒಳಪುಟದ ಎರಡೂವರೆ ಸಾಲನ್ನು ಹಾಕಿದರೆ ಗೊಂದಲ ಇನ್ನೂ ಹೆಚ್ಚುತ್ತದೆ.

ಕಡೆಯದಾಗಿ ಒಂದು ಕೋರಿಕೆ. ಆರೋಗ್ಯದ ಸುದ್ದಿಯಲ್ಲಿ ‘ಮಿತಿ’ ಎಂಬ ಸಂಖ್ಯೆ ಬಂದಾಗಲೆಲ್ಲ, ಅದು ಯಾವ ತೂಕದ ವ್ಯಕ್ತಿಗೆ, ಕಿಲೊಗೆ ಎಷ್ಟರಂತೆ ಎಂದು ಡೆಸ್ಕಿನವರು ಒಮ್ಮೆ ಕಾಗದದ ಮೇಲೆ ಗುಣಿಸಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಈ ಪ್ರಬಂಧದಲ್ಲಿ 7,000, 60, 42,000 ಈ ಮೂರೂ ಇದ್ದವು. ಹೈಸ್ಕೂಲಿನ ಗಣಿತ ಬಂದರೆ ಸಾಕಿತ್ತು. ಡೆಸ್ಕಿನಲ್ಲಿ ಸಮಯ ಇಲ್ಲದ ದಿನ ಊರೂರಲ್ಲಿ ಇರುವ ವಿಜ್ಞಾನದ ಮೇಷ್ಟ್ರುಗಳಿಗೆ ಫೋನ್ ಮಾಡಿ ಕೇಳಿ. ರಾತ್ರಿ ಎಷ್ಟು ಹೊತ್ತಾದರೂ ನಾನು ಫೋನ್ ಎತ್ತುತ್ತೇನೆ. ನನ್ನ ಸಂಖ್ಯೆ ತಮ್ಮ ಓದುಗರ ವಿಭಾಗದಲ್ಲಿದೆ.

ತಮ್ಮ ಉತ್ತರವನ್ನು ಪುರವಣಿಯಲ್ಲಿ ಎದುರು ನೋಡುತ್ತಿರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಪದವಿಪೂರ್ವ ಕಾಲೇಜೊಂದರ ರಸಾಯನಶಾಸ್ತ್ರ ಉಪನ್ಯಾಸಕ
ಹಾಸನ ಜಿಲ್ಲೆ